ಉಚಿತವೋ, ಸಶುಲ್ಕವೋ? ಆರೋಗ್ಯ ಪತ್ರಗಳ ಅನುವಾದಕರಿಗೆ ಚಾಟ್‌ಬಾಟ್ ಚಂದಾದ ಆಯ್ಕೆ

ಹೊಸ ಔಷಧವೊಂದನ್ನು ಮನುಷ್ಯರ ಮೇಲೆ ಪ್ರಯೋಗಿಸುವ ಮೊದಲು ಅದರ ಉದ್ದೇಶವನ್ನೂ ಅಪಾಯಗಳನ್ನೂ ಆ ವ್ಯಕ್ತಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ, ಲಿಖಿತ ಸಮ್ಮತಿ ಪಡೆಯತಕ್ಕದ್ದೆಂದು ನಮ್ಮ ದೇಶದ 2019ರ ಹೊಸ ಔಷಧ ಮತ್ತು ವೈದ್ಯಕೀಯ ಪ್ರಯೋಗಗಳ ನಿಯಮಗಳು ವಿಧಿಸುತ್ತವೆ. ಆದುದರಿಂದ ಇಂಗ್ಲಿಷಿನ ಸಮ್ಮತಿ ಪತ್ರಗಳು ಕನ್ನಡವೂ ಸೇರಿದಂತೆ ಅನೇಕ ಭಾಷೆಗಳಿಗೆ ಅನುವಾದಗೊಳ್ಳುತ್ತವೆ. ಈ ಕೆಲಸದ ಗಣನೀಯ ಭಾಗವನ್ನು ಮಾಡುವವರು ಕಚೇರಿಯ ನೌಕರರಲ್ಲ. ಪದಕ್ಕಿಷ್ಟು ಎಂಬ ದರದಲ್ಲಿ ಮನೆಯಿಂದಲೇ ದುಡಿಯುವ ಸ್ವತಂತ್ರ ಅನುವಾದಕರು.

ಪುಣೆಯ ಹಿಂಜವಾಡಿಯಲ್ಲಿ ವಾಸಿಸುವ ಇಂತಹ ಒಬ್ಬ ಕನ್ನಡತಿಯನ್ನು ಉದಾಹರಣೆಯಾಗಿ ಕಲ್ಪಿಸಿಕೊಳ್ಳಬಹುದು. ಪತಿಗೆ ಅಲ್ಲಿಯ ರಾಜೀವ್ ಗಾಂಧಿ ಇನ್ಫೋಟೆಕ್ ಪಾರ್ಕಿನಲ್ಲಿ ಉದ್ಯೋಗ. ಈಕೆಗೆ ಮನೆಯಲ್ಲಿ ಅನುವಾದದ ಕಾಯಕ. ತಿಂಗಳಿಗೆ ಮೂರು ಸಾವಿರ ಪದಗಳ ನಾಲ್ಕು ಸಮ್ಮತಿ ಪತ್ರಗಳು, ಪದಕ್ಕೆ ಒಂದೂವರೆ ರೂಪಾಯಿ, ಒಟ್ಟು 18,000 ರೂಪಾಯಿಗಳ ಆದಾಯ. ಮೊದಲ ಕರಡನ್ನು ಚಾಟ್‌ಬಾಟ್‌ನಿಂದ ಮಾಡಿಸಿ ತಾನು ತಿದ್ದಿದರೆ ಸಮಯ ಉಳಿದೀತೆಂಬುದು ಆಕೆಯ ಎಣಿಕೆ. ಉಚಿತ ಸೇವೆ ಸಾಕೇ, ಹಣ ತೆರಬೇಕೇ ಎಂಬುದು ಪ್ರಶ್ನೆ. ಇದನ್ನು ಬೆಲೆಯಿಂದ ಆರಂಭಿಸದೆ ಗೋಪ್ಯತೆ, ಗುಣ, ಮಿತಿ ಎಂಬ ಕ್ರಮದಲ್ಲಿ ವಿಚಾರಿಸುವುದು ಉಚಿತ.

ಗೋಪ್ಯತೆ: ಹಣ ತೆತ್ತರೆ ದೊರೆಯುವುದೆ?

ಹಣ ಕೊಟ್ಟವರ ಬರಹ ಗುಟ್ಟಾಗಿ ಉಳಿಯುತ್ತದೆ, ಉಚಿತವಾಗಿ ಬಳಸುವವರದು ಉಳಿಯುವುದಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಸರಿಯಲ್ಲ. ಈ ಸಂಸ್ಥೆಗಳ ಕರಾರುಗಳಲ್ಲಿ ಮುಖ್ಯವಾದ ಗೆರೆಯು ಉಚಿತಕ್ಕೂ ಸಶುಲ್ಕಕ್ಕೂ ನಡುವೆ ಎಳೆದುದಲ್ಲ. ವೈಯಕ್ತಿಕ ಖಾತೆಗೂ ವ್ಯಾಪಾರಿ ಖಾತೆಗೂ ನಡುವೆ ಎಳೆದುದು. ಚಾಟ್‌ಜಿಪಿಟಿಯ ಉಚಿತ ಖಾತೆಯಾಗಲಿ, ಪ್ಲಸ್ ಚಂದಾ ಆಗಲಿ, ಬಳಕೆದಾರರು ಬೇಡವೆನ್ನದಿದ್ದರೆ ಅವರ ಸಂಭಾಷಣೆಗಳನ್ನು ಮಾದರಿಯ ತರಬೇತಿಗೆ ಉಪಯೋಗಿಸಬಹುದು. ಆಂಥ್ರೊಪಿಕ್ ಸಂಸ್ಥೆಯು ತನ್ನ ಕ್ಲಾಡ್ ಸೇವೆಯ ಕರಾರನ್ನು 2025ರ ಆಗಸ್ಟ್‌ನಲ್ಲಿ ಬದಲಿಸಿದಾಗಲೂ ಉಚಿತ, ಪ್ರೊ, ಮ್ಯಾಕ್ಸ್ ಎಂಬ ಮೂರೂ ವರ್ಗದವರಿಗೆ ಒಂದೇ ನಿಯಮವನ್ನು ಅನ್ವಯಿಸಿತು. ತರಬೇತಿಗೆ ಒಪ್ಪಿದವರ ಸಂಭಾಷಣೆಗಳನ್ನು ಐದು ವರ್ಷಗಳವರೆಗೆ ಇರಿಸಿಕೊಳ್ಳಬಹುದು. ಒಪ್ಪದವರು ಅಳಿಸಿದವುಗಳಿಗೆ ಮೂವತ್ತು ದಿನಗಳ ಅವಧಿ. ವ್ಯಾಪಾರಿ ಖಾತೆಗಳು ಈ ಬದಲಾವಣೆಯಿಂದ ಹೊರಗುಳಿದವು.

ಆದುದರಿಂದ ಖಾತೆ ತೆರೆದ ದಿನವೇ ಮಾಡಬೇಕಾದ ಕೆಲಸವೊಂದಿದೆ. ಚಾಟ್‌ಜಿಪಿಟಿಯ Settings ಪುಟದಲ್ಲಿ Data controls ಎಂಬ ವಿಭಾಗವನ್ನು ತೆರೆದು, Improve the model for everyone ಎಂಬುದನ್ನು ಆರಿಸಿಬಿಡಬೇಕು. ಇದಕ್ಕೆ ಒಂದು ಕಾಸೂ ಖರ್ಚಿಲ್ಲ. ಉಚಿತ ಖಾತೆಗೂ ಈ ಸೌಲಭ್ಯವಿದೆ.

ಆದರೆ ತರಬೇತಿಗೆ ಬಳಸದಿರುವುದು ಬೇರೆ, ದಾಖಲೆಯೇ ಉಳಿಯದಿರುವುದು ಬೇರೆ. ಅಮೆರಿಕದ ಪತ್ರಿಕೆಯೊಂದು ಹೂಡಿದ ದಾವೆಯ ಸಂಬಂಧವಾಗಿ 2025ರ ಮೇ ತಿಂಗಳಲ್ಲಿ ಅಲ್ಲಿಯ ನ್ಯಾಯಾಲಯವು, ಬಳಕೆದಾರರು ಅಳಿಸಿದ ಸಂಭಾಷಣೆಗಳನ್ನೂ ಕಾಯ್ದಿರಿಸುವಂತೆ ಓಪನ್‌ಎಐ ಸಂಸ್ಥೆಗೆ ಆಜ್ಞಾಪಿಸಿತು. ಆ ಬಾಧ್ಯತೆ ಸೆಪ್ಟೆಂಬರ್ ಅಂತ್ಯದವರೆಗೂ ನಡೆಯಿತು. ಉಚಿತ ಖಾತೆಗಳಷ್ಟೇ ಅಲ್ಲದೆ ಪ್ಲಸ್ ಚಂದಾದಾರರ ಖಾತೆಗಳೂ ಅದರ ವ್ಯಾಪ್ತಿಗೆ ಬಂದಿದ್ದವು.

ಹಿಂಜವಾಡಿಯ ಅನುವಾದಕಿಗೆ ಇದರಿಂದ ತಿಳಿಯಬೇಕಾದುದೇನು? ಆಕೆಯ ಮುಂದೆ ಎರಡು ಬಗೆಯ ಕಾಗದಗಳು ಬರುತ್ತವೆ. ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ ಕೊಡುವ ಚಿಕಿತ್ಸಾ ಸಾರಾಂಶದಂತಹ ಪತ್ರದಲ್ಲಿ ಗುಟ್ಟಾಗಿರಬೇಕಾದುದು ರೋಗಿಯ ಗುರುತು. ಹೆಸರು, ವಿಳಾಸ, ದೂರವಾಣಿ, ಆಸ್ಪತ್ರೆಯ ನೋಂದಣಿ ಸಂಖ್ಯೆ, ದಾಖಲಾದ ದಿನಾಂಕ ಇವನ್ನೆಲ್ಲ ತೆಗೆದು ‘ರೋಗಿ 1’ ಎಂದು ಬರೆದರೆ ಅಪಾಯ ಬಹುಮಟ್ಟಿಗೆ ತಗ್ಗುತ್ತದೆ. ಆದರೆ ಪ್ರಯೋಗದ ಸಮ್ಮತಿ ಪತ್ರದಲ್ಲಿ ರೋಗಿಯ ಹೆಸರೇ ಇರುವುದಿಲ್ಲ. ಇನ್ನೂ ಪ್ರಕಟವಾಗದ ಔಷಧದ ವಿವರವೇ ಅಲ್ಲಿಯ ಗುಟ್ಟು. ಹೆಸರುಗಳನ್ನು ಅಳಿಸಿದ ಮಾತ್ರಕ್ಕೆ ಅದು ಮರೆಯಾಗದು. ಅನುವಾದಕಿಯು ಏಜೆನ್ಸಿಯೊಡನೆ ಗೋಪ್ಯತಾ ಒಪ್ಪಂದಕ್ಕೆ ಸಹಿ ಹಾಕಿದ್ದರೆ, ಹೊರಗಿನ ಯಂತ್ರಕ್ಕೆ ಆ ಪತ್ರವನ್ನು ಒಪ್ಪಿಸುವುದೇ ಒಪ್ಪಂದದ ಭಂಗವಾಗಬಹುದು. ಆದುದರಿಂದ ಪ್ರತಿ ಏಜೆನ್ಸಿಯಿಂದಲೂ ಅನುಮತಿಯನ್ನು ಬರಹದಲ್ಲಿ ಪಡೆಯಬೇಕು. ಉತ್ತರ ‘ಇಲ್ಲ’ ಎಂದಾದರೆ ಆ ಪತ್ರಕ್ಕೆ ಉಚಿತವೂ ಸಲ್ಲದು, ಸಶುಲ್ಕವೂ ಸಲ್ಲದು. ‘ವ್ಯಾಪಾರಿ ಖಾತೆಯಾದರೆ ಸರಿ’ ಎಂದಾದರೆ ವೈಯಕ್ತಿಕ ಚಂದಾಕ್ಕೆ ಹಣ ತೆತ್ತು ಪ್ರಯೋಜನವಿಲ್ಲ.

ಗುಣ: ಸ್ವಂತ ಒರೆಗಲ್ಲು

ಗೋಪ್ಯತೆಯ ಬಾಗಿಲನ್ನು ದಾಟಿದ ಪತ್ರಗಳಿಗೆ ಮಾತ್ರ ಗುಣದ ಪ್ರಶ್ನೆ ಏಳುತ್ತದೆ. ಸಂಸ್ಥೆಗಳು ಪ್ರಕಟಿಸುವ ಅಂಕಗಳು ಹೆಚ್ಚಾಗಿ ಇಂಗ್ಲಿಷಿನವು. ಕನ್ನಡದ ಆರೋಗ್ಯ ಪತ್ರಗಳಲ್ಲಿ ಯಂತ್ರ ಹೇಗೆ ನಡೆದುಕೊಳ್ಳುತ್ತದೆಂಬುದನ್ನು ಅವು ಹೇಳವು. ತಾನೇ ಪರೀಕ್ಷಿಸುವುದೊಂದೇ ಮಾರ್ಗ.

ಈಗಾಗಲೇ ಸಾರ್ವಜನಿಕವಾಗಿರುವ ಆರೋಗ್ಯ ಕೈಪಿಡಿಗಳಿಂದ ಹತ್ತು ಪ್ಯಾರಾಗಳನ್ನು ಆಯ್ದು, ಮೊದಲು ತಾನೇ ಅನುವಾದಿಸಿ ಇಟ್ಟುಕೊಳ್ಳಬೇಕು. ಅನಂತರ ಅದೇ ಸೂಚನೆಯೊಡನೆ ಉಚಿತ ಸೇವೆಗೂ, ಒಂದೇ ತಿಂಗಳಿಗೆಂದು ಪಡೆದ ಸಶುಲ್ಕ ಸೇವೆಗೂ ಕೊಟ್ಟು, ಫಲಿತಾಂಶಗಳ ಮೇಲೆ ಯಾವುದು ಯಾವುದರದೆಂದು ಬರೆಯದೆ ಮನೆಯವರಿಂದ ಬೆರೆಸಿಸಿ ಓದಬೇಕು. ಎಣಿಸಬೇಕಾದ ತಪ್ಪುಗಳು ಮೂರು ಬಗೆಯವು: ಅರ್ಥ ಕೆಡಿಸುವುದು, ಬಿಟ್ಟುಹೋಗಿರುವುದು, ಶೈಲಿ ತೊಡಕಾಗಿರುವುದು. ಮೂರನೆಯದನ್ನು ತಿದ್ದಬಹುದು; ಮೊದಲ ಎರಡಕ್ಕೇ ಹೆಚ್ಚು ತೂಕ ಕೊಡಬೇಕು.

ಅರ್ಥಗೇಡು ಎಷ್ಟು ಸಣ್ಣ ಜಾಗದಲ್ಲಿ ಅಡಗಿರುತ್ತದೆಂಬುದಕ್ಕೆ ಮೆಥೊಟ್ರೆಕ್ಸೇಟ್ ಎಂಬ ಔಷಧ ಒಳ್ಳೆಯ ನಿದರ್ಶನ. ಕೀಲುವಾತದ ರೋಗಿಗಳು ಅದನ್ನು ವಾರಕ್ಕೊಮ್ಮೆ ಸೇವಿಸುತ್ತಾರೆ; ದಿನಕ್ಕೊಮ್ಮೆ ಸೇವಿಸಿದರೆ ಪ್ರಾಣಕ್ಕೇ ಎರವಾಗಬಹುದು. ‘ವಾರ’ ಹೋಗಿ ‘ದಿನ’ ಬಂದರೆ ವಾಕ್ಯದ ವ್ಯಾಕರಣ ಕೆಡುವುದಿಲ್ಲ, ಓದುವವರಿಗೆ ಅನುಮಾನವೂ ಬಾರದು. ಹಾಗೆಯೇ ‘ಡ್ರಗ್’ ಎಂಬುದು ‘ಮಾದಕ ವಸ್ತು’ ಆಗಬಹುದು. ಪರೀಕ್ಷೆ ‘ನೆಗೆಟಿವ್’ ಬಂದಿತೆಂಬುದು ‘ನಕಾರಾತ್ಮಕ ಫಲಿತಾಂಶ’ವಾದರೆ ಹಳ್ಳಿಯ ರೋಗಿ ಕೆಟ್ಟ ಸುದ್ದಿಯೆಂದೇ ತಿಳಿದಾನು. ಅಂಕಿ, ಅವಧಿ, ‘ಇಲ್ಲ’ ‘ಕೂಡದು’ ಎಂಬ ನಿಷೇಧಗಳು ಇವುಗಳ ಮೇಲೆ ಬೆರಳಿಟ್ಟು ಮೂಲದೊಡನೆ ತಾಳೆ ನೋಡಬೇಕು.

ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ನೋಡುವುದು ಈ ವೃತ್ತಿಯ ರೂಢಿ. ಇದನ್ನೂ ಯಂತ್ರದಿಂದ ಮಾಡಿಸುವುದಾದರೆ ಅದೇ ಸಂಭಾಷಣೆಯಲ್ಲಿ ಮಾಡಿಸಕೂಡದು. ಮೂಲ ಇಂಗ್ಲಿಷ್ ಅಲ್ಲಿ ಕಣ್ಣೆದುರೇ ಇರುವುದರಿಂದ, ಕನ್ನಡದಲ್ಲಿ ತಪ್ಪಿದ್ದರೂ ಯಂತ್ರವು ಸರಿಯಾದ ಇಂಗ್ಲಿಷನ್ನೇ ಒಪ್ಪಿಸಿ ತಪ್ಪನ್ನು ಮುಚ್ಚಿಬಿಡಬಹುದು. Temporary chat ಎಂಬ ಹೊಸ ಸಂಭಾಷಣೆಯಲ್ಲಿ ಕನ್ನಡ ಪಾಠವನ್ನಷ್ಟೇ ಕೊಡುವುದು ಕ್ಷೇಮ.

ಮಿತಿ: ಪತ್ರದ ಅರ್ಧದಲ್ಲಿ ಯಂತ್ರ ಬದಲಾದರೆ

ಉಚಿತ ಸೇವೆಯ ಮಿತಿಗಳು ಆಗಾಗ್ಗೆ ಬದಲಾಗುತ್ತವೆ. 2025ರ ಆಗಸ್ಟ್‌ನಲ್ಲಿ ಜಿಪಿಟಿ-5 ಬಂದಾಗ ಚಾಟ್‌ಜಿಪಿಟಿಯ ಉಚಿತ ಖಾತೆಗೆ ಐದು ಗಂಟೆಗಳಿಗೆ ಹತ್ತು ಸಂದೇಶಗಳೆಂದು ಗೊತ್ತುಪಡಿಸಲಾಗಿತ್ತು. ಆ ಮಟ್ಟದ ಮಿತಿಯನ್ನೇ ಇಟ್ಟುಕೊಂಡು ಲೆಕ್ಕ ಹಾಕಬಹುದು. ಮೂರು ಸಾವಿರ ಪದಗಳ ಪತ್ರವನ್ನು ಮುನ್ನೂರು ಪದಗಳ ಹತ್ತು ಭಾಗ ಮಾಡಿ, ಪ್ರತಿ ಭಾಗಕ್ಕೂ ಅನುವಾದ, ತಿದ್ದುಪಡಿ, ಮರುಪರಿಶೀಲನೆ ಎಂದು ಮೂರು ಸಂದೇಶಗಳಾದರೆ ಒಟ್ಟು ಮೂವತ್ತು. ಬೆಳಗಿನ ಒಂಬತ್ತಕ್ಕೆ ಹತ್ತು, ಮಧ್ಯಾಹ್ನ ಎರಡರ ಮೇಲೆ ಹತ್ತು, ಸಂಜೆ ಏಳರ ಮೇಲೆ ಹತ್ತು: ಒಂದು ಪತ್ರಕ್ಕೆ ಒಂದು ದಿನ. ತಿಂಗಳಿಗೆ ನಾಲ್ಕೇ ಪತ್ರಗಳಿದ್ದರೆ ಇದೂ ಸಾಧ್ಯವೇ.

ಆದರೆ ಮಿತಿ ಮುಗಿದಾಗ ಸೇವೆ ನಿಲ್ಲುವ ಬದಲು, ಅಂದು ಗೊತ್ತುಪಡಿಸಿದ್ದಂತೆ, ಅದಕ್ಕಿಂತ ಚಿಕ್ಕ ಮಾದರಿಯೊಂದು ಉತ್ತರ ಕೊಡತೊಡಗುತ್ತದೆ. ಅವಸರದಲ್ಲಿ ಇದನ್ನು ಗಮನಿಸದಿದ್ದರೆ ಪತ್ರದ ಮೊದಲರ್ಧ ಒಂದು ಯಂತ್ರದ್ದು, ಉಳಿದರ್ಧ ಇನ್ನೊಂದರದು ಆಗುತ್ತದೆ. ಇದರ ಗುರುತು ಪರಿಭಾಷೆಯಲ್ಲಿ ಸಿಗುತ್ತದೆ. ನಾಲ್ಕನೆಯ ಪುಟದವರೆಗೆ ‘ಸಹಭಾಗಿ’ ಎಂದಿದ್ದುದು ಐದನೆಯದರಲ್ಲಿ ‘ಭಾಗೀದಾರ’ನಾಗುತ್ತದೆ, ರೋಗಿಗೆ ತಾನು ಕಂಪನಿಯ ಪಾಲುದಾರನೆಂಬ ಭ್ರಮೆ ಹುಟ್ಟಿದರೂ ಆಶ್ಚರ್ಯವಿಲ್ಲ. ಸುಮಾರು ಮೂವತ್ತು ಮುಖ್ಯ ಪದಗಳ ಪಟ್ಟಿಯನ್ನು ಮಾಡಿ, ಪ್ರತಿ ಭಾಗದ ಜೊತೆಗೂ ಅದನ್ನು ಕೊಟ್ಟರೆ ಈ ದೋಷ ಬಹಳಷ್ಟು ತಗ್ಗುತ್ತದೆ. ಮಿತಿ ಮುಗಿಯಿತೆಂಬ ಸೂಚನೆ ಕಂಡೊಡನೆ ಕೆಲಸ ನಿಲ್ಲಿಸುವುದು ಇನ್ನೂ ಒಳ್ಳೆಯದು.

ಖರ್ಚಿನ ಲೆಕ್ಕ

ಭಾರತದಲ್ಲಿ ಚಾಟ್‌ಜಿಪಿಟಿಯ ಗೋ ಚಂದಾವು 2025ರ ಆಗಸ್ಟ್‌ನಲ್ಲಿ ತಿಂಗಳಿಗೆ 399 ರೂಪಾಯಿಗೆ ಆರಂಭವಾಯಿತು. ಆಗ ಪ್ಲಸ್ ಚಂದಾ 1,999 ರೂಪಾಯಿ ಇತ್ತು. ಪದಕ್ಕೆ ಒಂದೂವರೆ ರೂಪಾಯಿಯಂತೆ, ಗೋ ಚಂದಾ ಹುಟ್ಟಿಸಿಕೊಳ್ಳಲು ತಿಂಗಳಿಗೆ 266 ಪದಗಳನ್ನು ಹೆಚ್ಚಾಗಿ ಅನುವಾದಿಸಿದರೆ ಸಾಕು; ಪ್ಲಸ್ ಚಂದಾಕ್ಕೆ 1,333 ಪದಗಳು, ಅಂದರೆ ಅರ್ಧ ಪತ್ರಕ್ಕೆ ತುಸು ಕಡಿಮೆ. 18,000 ರೂಪಾಯಿಗಳ ಆದಾಯದಲ್ಲಿ ಮೊದಲನೆಯದು ಶೇಕಡಾ ಎರಡಕ್ಕಿಂತ ಸ್ವಲ್ಪ ಹೆಚ್ಚು, ಎರಡನೆಯದು ಶೇಕಡಾ ಹನ್ನೊಂದು. ಇಲ್ಲಿ ಒಂದು ಎಚ್ಚರ ಅಗತ್ಯ. ಉಳಿದ ಗಂಟೆಗಳಿಗೆ ಹೊಸ ಕೆಲಸ ದೊರೆತರೆ ಮಾತ್ರ ಅದು ಆದಾಯ. ನಾಲ್ಕು ಪತ್ರಗಳಿಗಿಂತ ಹೆಚ್ಚು ಬರುವುದೇ ಇಲ್ಲವಾದರೆ ಚಂದಾ ಕೊಳ್ಳುವುದು ಬಿಡುವನ್ನೇ ಹೊರತು ಹಣವನ್ನಲ್ಲ.

‘ಒಂದು ವರ್ಷ ಉಚಿತ’ ಎಂಬ ಕೊಡುಗೆಗಳನ್ನೂ ಬ್ಯಾಂಕ್ ಖಾತೆಯ ಕಣ್ಣಿನಿಂದ ನೋಡಬೇಕು. 2025ರ ನವೆಂಬರ್ 4ರಿಂದ ಸೀಮಿತ ಅವಧಿಗೆ ಗೋ ಚಂದಾವನ್ನು ಭಾರತದಲ್ಲಿ ಹೀಗೆ ಕೊಡಲಾಯಿತು. ಇಂತಹವುಗಳಲ್ಲಿ ಕಾರ್ಡ್ ಅಥವಾ ಯುಪಿಐ ಮೂಲಕ ಮುಂದಿನ ಪಾವತಿಗೆ ಮೊದಲೇ ಅಧಿಕಾರ ಪಡೆದಿದ್ದರೆ, ಅವಧಿ ಮುಗಿದ ಮೇಲೆ ಹಣ ತಾನಾಗಿ ಕಡಿತವಾಗುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಕಡಿತಕ್ಕೆ ಕನಿಷ್ಠ 24 ಗಂಟೆ ಮುಂಚೆ ಸೂಚನೆ ಬರಬೇಕು. ಆದರೆ 15,000 ರೂಪಾಯಿಯವರೆಗಿನ ಮರುಕಳಿಸುವ ಪಾವತಿಗೆ ಪ್ರತಿ ಬಾರಿ ಓಟಿಪಿ ಕೇಳುವುದಿಲ್ಲ. ಆ ಸೂಚನೆಯನ್ನು ಓದದೆ ಬಿಟ್ಟವರು ಹಣ ಹೋದ ಮೇಲೆ ತಿಳಿಯುತ್ತಾರೆ. ಚಂದಾ ಪಡೆದ ದಿನವೇ ಕೊನೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಬೇಕು.

ಈ ಕ್ರಮದಲ್ಲಿ ನಡೆದರೆ ಹಿಂಜವಾಡಿಯ ಅನುವಾದಕಿಯ ತೀರ್ಮಾನ ಕಠಿಣವಾಗದು. ನಾಲ್ಕು ಪತ್ರಗಳಲ್ಲಿ ಎರಡಕ್ಕೆ ಏಜೆನ್ಸಿಯ ಅನುಮತಿ ದೊರೆಯದಿದ್ದರೆ ಅವನ್ನು ಕೈಯಿಂದಲೇ ಅನುವಾದಿಸಬೇಕು. ಉಳಿದೆರಡಕ್ಕೆ ಅರವತ್ತು ಸಂದೇಶಗಳು. ತರಬೇತಿಯ ಗುಂಡಿಯನ್ನು ಆರಿಸಿದ ಉಚಿತ ಖಾತೆಯಲ್ಲಿ ಎರಡು ದಿನದ ಕೆಲಸ. ಹತ್ತು ಪ್ಯಾರಾಗಳ ಪರೀಕ್ಷೆಯಲ್ಲಿ ಸಶುಲ್ಕ ಮಾದರಿಯ ಅರ್ಥದೋಷಗಳು ಸ್ಪಷ್ಟವಾಗಿ ಕಡಿಮೆಯಿದ್ದರೆ, ಅಥವಾ ಕೆಲಸ ಹೆಚ್ಚಿ ಮಿತಿ ಅಡ್ಡಬಂದರೆ, ಆಗ ತಿಂಗಳ ಚಂದಾ ಪಡೆಯಲಿ, ವರ್ಷದ್ದು ಬೇಡ. ಯಾವ ಚಂದಾ ಪಡೆದರೂ ‘ವಾರಕ್ಕೊಮ್ಮೆ’ ಎಂಬ ಪದವನ್ನು ಮೂಲದೊಡನೆ ತಾಳೆ ನೋಡುವ ಹೊಣೆ ಆಕೆಯದೇ.