ಶಾಲೆ ಬಿಡುವುದರೊಳಗೆ ಮಣೂಕದ ಕೆಲಸ

ಮಗುವನ್ನು ವಿಜಯಪುರದ ಶಾಲೆಗೆ ಬಿಟ್ಟು ತಿಕೋಟಾ, ಬಬಲೇಶ್ವರದ ಕಡೆ ಒಣದ್ರಾಕ್ಷಿ ಹಸನು ಮಾಡಲು ಹೋಗುವ ತಾಯಂದಿರೇ, ದಿನಗೂಲಿ ಬೇಡ, ಕಿಲೋ ಲೆಕ್ಕ ಕೇಳಿ. ಹತ್ತಕ್ಕೆ ಶಾಲೆ, ನಾಲ್ಕಕ್ಕೆ ಬಿಡುವುದಾದರೆ, ಬಸ್ಸಿನ ಎರಡು ತಾಸು ಕಳೆದು ಕೈಗುಳಿಯುವುದು ನಾಲ್ಕೇ ತಾಸು. ದಿನಗೂಲಿಯಲ್ಲಿ ಅದು ಅರ್ಧ ಪಗಾರ.

ತೂಕ ಯಾವಾಗ ಎಂದೂ ಮೊದಲೇ ಕೇಳಿಕೊಳ್ಳಿ. 20 ಕಿಲೋ ಮಾಲಿನಲ್ಲಿ ಕಡ್ಡಿ, ಕಸ 2 ಕಿಲೋ ಹೋಯಿತೆನ್ನಿ, ಹಸನಾದ ಮೇಲೆ ತೂಗಿದರೆ 18ಕ್ಕಷ್ಟೇ ದುಡ್ಡು. ಕಸ ಹೆಚ್ಚಿದಷ್ಟೂ ದುಡಿಮೆ ಹೆಚ್ಚು, ಗಳಿಕೆ ಕಡಿಮೆ! ಹಸನು ಮಾಡುವ ಮೊದಲೇ ತೂಗಿಸಿ.

ಏಪ್ರಿಲ್‌ನಲ್ಲಿ, ಮಾಲು ರಾಶಿ ಬಿದ್ದಿರುವಾಗಲೇ, ಬೇಸಿಗೆ ರಜೆ ಬರುತ್ತದೆ. ಮಗು ಯಾರ ಬಳಿ ಇರಬೇಕೆಂದು ಮಾರ್ಚ್‌ನಲ್ಲೇ ಗೊತ್ತು ಮಾಡಿಕೊಳ್ಳಿ. ಶೆಡ್ಡಿಗೆ ಮಾತ್ರ ಕರೆದೊಯ್ಯಬೇಡಿ. ಮಣೂಕಕ್ಕೆ ಬಣ್ಣ ಬರಲೆಂದು ಗಂಧಕದ ಹೊಗೆ ಹಾಕುವ ಕಡೆ ಮಕ್ಕಳಿಗೆ ಉಸಿರು ಕಟ್ಟುತ್ತದೆ.