ವಜ್ರದ ಓಲೆಯ ಚೀಟಿಯಿಂದ ಒಂದು ಪಾಠ

ಭದ್ರಾವತಿಯ ಪ್ರೌಢಶಾಲೆಯಲ್ಲಿ ಅಭ್ಯಾಸ ಬೋಧನೆಗೆ ಎಂಟನೇ ತರಗತಿ ನನ್ನ ಪಾಲಿಗೆ ಬಂದಿತ್ತು. ದಶಮಾಂಶಗಳ ಗುಣಾಕಾರಕ್ಕೆ ಉದಾಹರಣೆ ಹುಡುಕುತ್ತಿದ್ದಾಗ ಅಕ್ಕನ ಮದುವೆಗೆಂದು ಶಿವಮೊಗ್ಗದ ಗಾಂಧಿ ಬಜಾರಿನಿಂದ ತಂದ ಅಂದಾಜು ಚೀಟಿ ಕೈಗೆ ಸಿಕ್ಕಿತು. ಅದನ್ನೇ ಕಪ್ಪುಹಲಗೆಯ ಮೇಲೆ ಬರೆದೆ: ಏಳು ಕಲ್ಲಿನ ವಜ್ರದ ಓಲೆ ಒಂದು ಜೊತೆ, ಚಿನ್ನ 22 ಕ್ಯಾರೆಟ್, ಒಟ್ಟು ತೂಕ 6.540 ಗ್ರಾಂ, 5 ಪಾಯಿಂಟಿನ 14 ಕಲ್ಲು.

1 ಕ್ಯಾರೆಟ್ ಎಂದರೆ 200 ಮಿಲಿಗ್ರಾಂ, ಅಂದರೆ 0.2 ಗ್ರಾಂ. 1907ರ ಅಂತಾರಾಷ್ಟ್ರೀಯ ತೂಕ-ಅಳತೆ ಸಮ್ಮೇಳನದಲ್ಲಿ ಒಪ್ಪಿದ ಬೆಲೆ ಇದು. ಇಷ್ಟು ಹೇಳಿದ ಕೂಡಲೇ ಹಿಂದಿನ ಬೆಂಚಿನ ಹುಡುಗನೊಬ್ಬ, "ಹಾಗಾದ್ರೆ ಚಿನ್ನ 4.4 ಗ್ರಾಂ ಅಲ್ವಾ ಮಿಸ್?" ಎಂದ. 22ನ್ನು 0.2ರಿಂದ ಗುಣಿಸಿದ್ದ! ಗುಣಾಕಾರ ಸರಿ, ಅರ್ಥ ತಪ್ಪು. ಚಿನ್ನದ ಕ್ಯಾರೆಟ್ ತೂಕವಲ್ಲ, ಶುದ್ಧತೆ. 24 ಭಾಗದಲ್ಲಿ 22 ಭಾಗ ಚಿನ್ನ ಎಂದರ್ಥ. ಈ ವ್ಯತ್ಯಾಸವನ್ನು ನಾನೇ ಮೊದಲು ಹೇಳಬೇಕಿತ್ತು.

ಮುಂದಿನ ತೊಡಕು ಪಾಯಿಂಟಿನದು. ಒಂದು ಕ್ಯಾರೆಟಿನ ನೂರನೇ ಒಂದು ಭಾಗವೇ ಪಾಯಿಂಟ್. ತೂಕ 2 ಮಿಲಿಗ್ರಾಂ. ಆದರೆ ಮಕ್ಕಳಿಗೆ ಪಾಯಿಂಟ್ ಎಂದರೆ ದಶಮಾಂಶ ಬಿಂದು. ಅರ್ಧ ತರಗತಿ 5 ಪಾಯಿಂಟನ್ನು 0.5 ಕ್ಯಾರೆಟ್ ಎಂದು ಬರೆದು, 14 ಕಲ್ಲಿಗೆ 7 ಕ್ಯಾರೆಟ್, 1.4 ಗ್ರಾಂ ಎಂದಿತು. ಸರಿಯಾದದ್ದು 0.05 ಕ್ಯಾರೆಟ್. 14 ಕಲ್ಲಿಗೆ 70 ಪಾಯಿಂಟ್, 0.70 ಕ್ಯಾರೆಟ್, 140 ಮಿಲಿಗ್ರಾಂ, 0.14 ಗ್ರಾಂ.

ಯಾವುದು ಸರಿ ಎಂದು ತಿಳಿಯುವುದು ಹೇಗೆ? ಒಂದು ಗುಲಗಂಜಿಯನ್ನು ತೋರಿಸಿದೆ. ಅದರ ತೂಕ ಸುಮಾರು 120 ಮಿಲಿಗ್ರಾಂ. ಹದಿನಾಲ್ಕು ಪುಟ್ಟ ಕಲ್ಲುಗಳು ಸೇರಿ ಒಂದು ಗುಲಗಂಜಿಗಿಂತ ತುಸು ಹೆಚ್ಚು ತೂಗುವುದನ್ನು ನಂಬಬಹುದು. ಹನ್ನೊಂದಕ್ಕೂ ಹೆಚ್ಚು ಗುಲಗಂಜಿಗಳಷ್ಟು ತೂಗುವುದೆಂದರೆ ನಂಬಲಾಗದು. ದಶಮಾಂಶದ ನಿಯಮವನ್ನು ಎರಡು ಸಲ ಹೇಳಿದಾಗಲೂ ಒಪ್ಪದವರು ಇದಕ್ಕೆ ಒಪ್ಪಿದರು.

ಆಗ ಮುಂದಿನ ಸಾಲಿನ ಹುಡುಗಿ ಎದ್ದು, "ಮಿಸ್, ಚಿನ್ನದ ದುಡ್ಡನ್ನ 6.540ಕ್ಕೇ ಹಾಕಿದಾರಲ್ಲಾ, ಅದ್ರಲ್ಲಿ ಕಲ್ಲೂ ಇದೆ" ಎಂದಳು. ನಾನು ಚೀಟಿಯ ಆ ಸಾಲನ್ನು ಗಮನಿಸಿಯೇ ಇರಲಿಲ್ಲ. 6.540ರಿಂದ 0.140 ಕಳೆದರೆ ನಿವ್ವಳ ಚಿನ್ನ 6.400 ಗ್ರಾಂ. ಲೆಕ್ಕ ಸುಲಭವಾಗಲೆಂದು ಗ್ರಾಮಿಗೆ 10,000 ರೂಪಾಯಿ ಹಿಡಿದೆವು. ವಜ್ರಕ್ಕೆ ಬೇರೆ ಹಣ ಕೊಟ್ಟ ಮೇಲೂ ಅದೇ ಕಲ್ಲುಗಳಿಗೆ ಚಿನ್ನದ ದರದಲ್ಲಿ 1,400 ರೂಪಾಯಿ ಹೆಚ್ಚು!

ಕಲ್ಲು ಕೂರಿಸಿದ ಮೇಲೆ ಅದನ್ನು ಮಾತ್ರ ತೂಗಲಾಗದು. 5 ಪಾಯಿಂಟ್ ಎಂದವುಗಳಲ್ಲೂ ಒಂದೊಂದು ಕೊಂಚ ಹೆಚ್ಚು ಕಡಿಮೆ ಇರುತ್ತದೆ. ಹಾಗಾಗಿ ಕಲ್ಲು ಎಣಿಸಿ ಗುಣಿಸುವುದು ಅಂದಾಜು ಮಾತ್ರ. ಕಳೆಯಬೇಕಾದದ್ದು ಪ್ರಮಾಣಪತ್ರದಲ್ಲಿ ಬರೆದ ಒಟ್ಟು ಕ್ಯಾರೆಟನ್ನು, ಅದೂ ಗ್ರಾಮಿಗೆ ಬದಲಿಸಿಯೇ. 0.70ನ್ನು ಹಾಗೆಯೇ ಕಳೆದವರಿಗೆ 5.840 ಬಂದಿತ್ತು.

ಶನಿವಾರ ಅಕ್ಕನೊಂದಿಗೆ ಅಂಗಡಿಗೆ ಹೋದೆ. ಪ್ರಮಾಣಪತ್ರದಲ್ಲಿ 0.71 ಕ್ಯಾರೆಟ್ ಇತ್ತು. 0.142 ಗ್ರಾಂ ಕಳೆದು, 6.398 ಗ್ರಾಮಿಗೆ ಹೊಸ ಚೀಟಿ ಬರೆದುಕೊಟ್ಟರು. ಸೋಮವಾರ ಅದನ್ನು ಆ ಹುಡುಗಿಯ ಕೈಗೇ ಕೊಟ್ಟು ತಾಳೆ ನೋಡಿಸಿದೆ.