ಜನವರಿಯ ಓಟಿ ಲೆಕ್ಕ

ಪ್ರೀತಿಯ ತಮ್ಮ ತಂಗಿಯರೇ,

ಹೊಸ ಓಟಿ ನಿಯಮದ ಸುತ್ತೋಲೆ ನೋಟಿಸ್ ಬೋರ್ಡಿಗೆ ಬಿದ್ದ ದಿನದಿಂದ ಊಟದ ವಿರಾಮದಲ್ಲಿ ನಿಮ್ಮಲ್ಲಿ ಹಲವರು ವೇತನ ವಿಭಾಗದ ಕಿಟಕಿಗೆ ಬಂದು ಒಂದೇ ಪ್ರಶ್ನೆ ಕೇಳುತ್ತಿದ್ದೀರಿ: "ಮುಂದಿನ ತಿಂಗಳು ಕೈಗೆ ಹೆಚ್ಚು ಬರುತ್ತಾ, ಕಡಿಮೆ ಬರುತ್ತಾ?" ನಿಂತಲ್ಲೇ ಒಬ್ಬೊಬ್ಬರಿಗೆ ಹೇಳಿದ ಉತ್ತರ ಕ್ಯಾಂಟೀನ್ ತಲುಪುವಷ್ಟರಲ್ಲಿ ಬೇರೆಯಾಗಿಬಿಡುತ್ತದೆ. ಅದಕ್ಕೇ ಬರೆದು ಕೊಡುತ್ತಿದ್ದೇನೆ. ನಿಮ್ಮ ಓಟಿಯನ್ನು ನೀವೇ ಲೆಕ್ಕ ಹಾಕಲು ಕಲಿಯಬೇಕು ಎಂಬುದು ನನ್ನ ಆಸೆ.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅದನ್ನು ಅನುಸರಿಸಿ ನಮ್ಮ ಕಾರ್ಖಾನೆ ಜನವರಿ 1ರಿಂದ ಓಟಿ ಲೆಕ್ಕದಲ್ಲಿ ಎರಡು ಬದಲಾವಣೆ ಮಾಡಿದೆ. ಒಂದು, ಗಂಟೆಯ ದರವನ್ನು ಯಾವ ಮೊತ್ತದಿಂದ ತೆಗೆಯಬೇಕು ಎಂಬುದು. ಇನ್ನೊಂದು, ಓಟಿ ಯಾವ ಗಂಟೆಯಿಂದ ಶುರುವಾಗುತ್ತದೆ ಎಂಬುದು. ದುಪ್ಪಟ್ಟು ದರ ಹಿಂದೆಯೂ ಇತ್ತು, ಈಗಲೂ ಇದೆ.

ಮೊದಲು ದರದ ವಿಷಯ. ಇಷ್ಟು ದಿನ ನಮ್ಮಲ್ಲಿ ಬೇಸಿಕ್ ಮತ್ತು ಡಿಎ ಎರಡನ್ನೇ ಕೂಡಿಸಿ 208ರಿಂದ ಭಾಗಿಸುತ್ತಿದ್ದರು. 26 ದಿನ, ದಿನಕ್ಕೆ 8 ಗಂಟೆ, ಒಟ್ಟು 208. ಹಳೆಯ 1948ರ ಕಾರ್ಖಾನೆ ಕಾಯ್ದೆಯ 59ನೇ ಕಲಂ ಭತ್ಯೆಗಳನ್ನೂ ಸೇರಿಸಬೇಕೆಂದು ಹೇಳುತ್ತಿತ್ತು. ಬಿಟ್ಟಿದ್ದು ಬೋನಸ್ ಮತ್ತು ಓಟಿ ಹಣವನ್ನು ಮಾತ್ರ. ಆದರೂ ಭತ್ಯೆಗಳನ್ನು ಹೊರಗಿಟ್ಟು ಲೆಕ್ಕ ಹಾಕುವ ರೂಢಿ ನಮ್ಮಲ್ಲಿ ಬೇರೂರಿತ್ತು. ಅದು ನ್ಯಾಯವಲ್ಲ ಎಂದು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ.

ಹೊಸ ವೇತನ ಸಂಹಿತೆಯ ದಾರಿ ಬೇರೆ. ವೇತನ ಎಂದರೆ ಬೇಸಿಕ್, ಡಿಎ, ಕೆಲವೆಡೆ ಕೊಡುವ ಉಳಿಕೆ ಭತ್ಯೆ. ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ ಮುಂತಾದವು ಹೊರಗೆ. ಆದರೆ ಹೊರಗಿಟ್ಟದ್ದೆಲ್ಲ ಸೇರಿ ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದಷ್ಟನ್ನು ವೇತನಕ್ಕೇ ಸೇರಿಸಬೇಕು. ಬೇಸಿಕ್ ಚಿಕ್ಕದಾಗಿಟ್ಟು ಭತ್ಯೆ ಉಬ್ಬಿಸಿದ ಸಂಬಳಗಳಿಗೆ ಇದು ತಾಗುತ್ತದೆ.

ಒಂದು ಉದಾಹರಣೆ ನೋಡಿ. ಮೆಷಿನ್ ಶಾಪಿನಲ್ಲಿರುವ ಒಬ್ಬ ಟರ್ನರ್‌ನ ತಿಂಗಳ ಒಟ್ಟು ಸಂಬಳ 39,000 ರೂಪಾಯಿ ಎಂದುಕೊಳ್ಳಿ. ಅದರಲ್ಲಿ ಬೇಸಿಕ್ ಮತ್ತು ಡಿಎ 16,900, ಉಳಿದ 22,100 ಭತ್ಯೆಗಳು. ಹಳೆಯ ಲೆಕ್ಕದಲ್ಲಿ 16,900ನ್ನು 208ರಿಂದ ಭಾಗಿಸಿದರೆ ಗಂಟೆಗೆ 81.25, ದುಪ್ಪಟ್ಟು ಮಾಡಿದರೆ ಓಟಿ ದರ 162.50. ಈಗ 39,000ದ ಅರ್ಧ 19,500. ಭತ್ಯೆಗಳು ಅದನ್ನು 2,600 ರೂಪಾಯಿ ಮೀರಿವೆ. ಆ 2,600 ವೇತನಕ್ಕೆ ಸೇರಿ ಅದು 19,500 ಆಗುತ್ತದೆ. ಗಂಟೆಗೆ 93.75, ಓಟಿ ದರ 187.50. (ಲೆಕ್ಕ ಸುಲಭವಾಗಲೆಂದು ಓಟಿ ಹಣವನ್ನೂ ಮಾಲೀಕರ ಪಿಎಫ್ ಪಾಲನ್ನೂ ಇಲ್ಲಿ ಬಿಟ್ಟಿದ್ದೇನೆ. ಅವನ್ನು ಸೇರಿಸಿದರೆ ಈ ಮೊತ್ತ ಸ್ವಲ್ಪ ಏರಬಹುದೇ ಹೊರತು ಇಳಿಯುವುದಿಲ್ಲ.)

ಈತ ತಿಂಗಳಿಗೆ 20 ಗಂಟೆ ಓಟಿ ಮಾಡಿದರೆ ಹಿಂದೆ 3,250 ಬರುತ್ತಿತ್ತು, ಇನ್ನು 3,750 ಬರಬೇಕು. ಆದರೆ ಜನವರಿಯ ಸ್ಲಿಪ್ಪಿನಲ್ಲಿ 3,750 ಕಾಣುವುದಿಲ್ಲ. ಅದನ್ನು ನೋಡಿ ಗಾಬರಿಯಾಗಬೇಡಿ. ನಮ್ಮ ಹಾಜರಿ ಲೆಕ್ಕ 26ನೇ ತಾರೀಖಿನಿಂದ 25ರವರೆಗೆ ನಡೆಯುತ್ತದೆ. ಹಾಗಾಗಿ ಜನವರಿಯ ಸಂಬಳದಲ್ಲಿ ಡಿಸೆಂಬರ್ 26ರಿಂದ 31ರವರೆಗಿನ ಓಟಿಯೂ ಇರುತ್ತದೆ, ಅದಕ್ಕೆ ಹಳೆಯ ದರವನ್ನೇ ಹಾಕಲಾಗುತ್ತಿದೆ. ಆ ಆರು ದಿನಗಳಲ್ಲಿ 4 ಗಂಟೆ, ಹೊಸ ವರ್ಷದಲ್ಲಿ 16 ಗಂಟೆ ಎಂದಾದರೆ 650 ಮತ್ತು 3,000, ಒಟ್ಟು 3,650. ಪೂರ್ತಿ 3,750 ಬರುವುದು ಫೆಬ್ರವರಿಯ ಸಂಬಳದಲ್ಲಿ.

ಎರಡನೆಯ ಬದಲಾವಣೆ ಗಂಟೆಯದು. ಹಿಂದೆ ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ಮೀರಿದರೆ ಮಾತ್ರ ಓಟಿ. ದಿನದ ಒಂಬತ್ತನೇ ಗಂಟೆ, ವಾರದ ಲೆಕ್ಕ 48 ಮುಟ್ಟದಿದ್ದರೆ, ಹಾಗೇ ಕರಗಿಹೋಗುತ್ತಿತ್ತು. ಹೊಸ ಸಂಹಿತೆಯಲ್ಲಿ ದಿನದ ಕೆಲಸ 8 ಗಂಟೆ. ಅದರಂತೆ ಜನವರಿಯಿಂದ ನಮ್ಮಲ್ಲಿ ದಿನಕ್ಕೆ 8 ಗಂಟೆ ದಾಟಿದ ಕೆಲಸವೆಲ್ಲ ಓಟಿ. ಆ ವಾರ ನೀವು ಎಷ್ಟು ದಿನ ಬಂದಿರಿ ಎಂಬುದು ಅದಕ್ಕೆ ಅಡ್ಡ ಬರುವುದಿಲ್ಲ.

ಪ್ಯಾಕಿಂಗ್ ವಿಭಾಗದ ಒಬ್ಬ ತಂಗಿಯ ಸಂಬಳ 26,000, ಅದರಲ್ಲಿ ಬೇಸಿಕ್ ಮತ್ತು ಡಿಎ 18,200 ಎನ್ನಿ. ಆಕೆಯ ಭತ್ಯೆಗಳು ಅರ್ಧಕ್ಕಿಂತ ಕಡಿಮೆ ಇರುವುದರಿಂದ ದರ ಬದಲಾಗುವುದಿಲ್ಲ: ಗಂಟೆಗೆ 87.50, ಓಟಿಗೆ 175. ಜನವರಿ 5ರ ಸೋಮವಾರ ಆಕೆ 8 ಗಂಟೆ, ಮಂಗಳವಾರ, ಬುಧವಾರ, ಗುರುವಾರ ಒಂಬತ್ತೊಂಬತ್ತು ಗಂಟೆ, ಶುಕ್ರವಾರ 8 ಗಂಟೆ ಕೆಲಸ ಮಾಡಿ, ಶನಿವಾರ ಗಳಿಕೆ ರಜೆ ಹಾಕುತ್ತಾಳೆ. ವಾರಕ್ಕೆ 43 ಗಂಟೆ. ಹಳೆಯ ನಿಯಮದಲ್ಲಿ ಓಟಿ ಸೊನ್ನೆ. ಈಗ ಮೂರು ದಿನದ ಮೂರು ಗಂಟೆಗೆ 525 ರೂಪಾಯಿ. ಮನೆಯ ಕೆಲಸಕ್ಕೆಂದು ಶನಿವಾರ ರಜೆ ಹಾಕುವ ಹೆಣ್ಣುಮಕ್ಕಳೇ ಈ ಗಂಟೆಗಳನ್ನು ಹೆಚ್ಚು ಕಳೆದುಕೊಂಡವರು. ಎರಡು ಬದಲಾವಣೆಗಳಲ್ಲಿ ನನಗೆ ಹೆಚ್ಚು ಸಂತೋಷ ತಂದದ್ದು ಇದು.

ಸ್ಲಿಪ್ ಕೈಗೆ ಬಂದಾಗ ಭಾಜಕವನ್ನು ತಪ್ಪದೆ ನೋಡಿ. 208ರ ಬದಲು 240ರಿಂದ, ಅಂದರೆ 30 ದಿನಕ್ಕೆ, ಭಾಗಿಸಿದರೆ ಟರ್ನರ್‌ನ 19,500 ಮತ್ತೆ ಗಂಟೆಗೆ 81.25ಕ್ಕೇ ಬಂದು ನಿಲ್ಲುತ್ತದೆ. ಏರಿಕೆ ಪೂರ್ತಿ ಮಾಯ! ಜನವರಿ 1ರ ನಂತರದ ಗಂಟೆಗಳಿಗೂ ನಿಮ್ಮ ಓಟಿ ದರ ಹಳೆಯದೇ ಇದ್ದು, ಭತ್ಯೆಗಳು ಅರ್ಧಕ್ಕಿಂತ ಹೆಚ್ಚಿದ್ದರೆ, ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಓಟಿ ಹಣದ ಮೇಲೆ ಪಿಎಫ್ ಕಡಿತವಿಲ್ಲ. ಟರ್ನರ್‌ನ ವೇತನ 16,900ರಿಂದ 19,500ಕ್ಕೆ ಏರಿದರೂ, ನಮ್ಮಲ್ಲಿ ಪಿಎಫ್ ಹಿಡಿಯುವುದು 15,000ದ ಮಿತಿಯ ಮೇಲೆ. ಹಾಗಾಗಿ ಆತನ ಕಡಿತ 1,800ರಲ್ಲೇ ಉಳಿಯುತ್ತದೆ.

ಬೇರೆ ಕಾರ್ಖಾನೆಯಲ್ಲಿರುವ ನಿಮ್ಮ ಅಣ್ಣತಮ್ಮಂದಿರಿಗೆ ಈ ಲೆಕ್ಕವನ್ನು ಹಾಗೇ ಹೇಳಿಬಿಡಬೇಡಿ. ಅಲ್ಲಿ ಪೂರ್ತಿ ಸಂಬಳದ ಮೇಲೆ ಓಟಿ ಕೊಡುತ್ತಿದ್ದರೆ, ಹೊಸ ವ್ಯಾಖ್ಯೆಯನ್ನು ಹಿಡಿದು ದರ ಇಳಿಸುವ ಅಪಾಯವಿದೆ. 39,000ದ ಮೇಲೆ ಗಂಟೆಗೆ 375 ಪಡೆಯುತ್ತಿದ್ದವನು 187.50ಕ್ಕೆ ಇಳಿಯಬಹುದು. ಆದರೆ ಸಂಹಿತೆ ಹೇಳುವುದು ದುಪ್ಪಟ್ಟಿಗಿಂತ ಕಡಿಮೆ ಇರಬಾರದು ಎಂದು. ಹೆಚ್ಚು ಕೊಡುವುದನ್ನು ಅದು ತಡೆಯುವುದಿಲ್ಲ. ಇದನ್ನು ಮುಂದಿಟ್ಟು ಅವರು ಮಾಲೀಕರೊಡನೆ ಮಾತಾಡಲಿ. ಓಟಿಗೆ ಕಾರ್ಮಿಕರ ಒಪ್ಪಿಗೆ ಬೇಕು ಎಂದೂ ಹೊಸ ಕಾನೂನಿನಲ್ಲಿದೆ, ಅದು ನಮಗೂ ಅನ್ವಯಿಸುತ್ತದೆ.

ಒಂದು ವಿಷಯ ಇನ್ನೂ ಬಗೆಹರಿದಿಲ್ಲ. ಸಂಹಿತೆ ಜಾರಿಯಾದದ್ದು ನವೆಂಬರ್ 21ಕ್ಕೆ, ನಮ್ಮಲ್ಲಿ ಲೆಕ್ಕ ಬದಲಾಗುವುದು ಜನವರಿ 1ಕ್ಕೆ. ನಡುವಿನ ದಿನಗಳ ವ್ಯತ್ಯಾಸವನ್ನೂ ಕೊಡಬೇಕು ಎಂದು ಆಡಳಿತಕ್ಕೆ ಬರೆದುಕೊಟ್ಟಿದ್ದೇನೆ. ಉತ್ತರ ಬರುವವರೆಗೆ ಆ ದಿನಗಳ ಓಟಿ ಚೀಟಿಗಳನ್ನು, ಸೂಪರ್‌ವೈಸರ್ ಸಹಿ ಇರುವಂಥವನ್ನು, ಜೋಪಾನವಾಗಿಡಿ. ಸಹಿ ಇಲ್ಲದ್ದಕ್ಕೆ ಈ ವಾರವೇ ಹಾಕಿಸಿಕೊಳ್ಳಿ.

ನಿಮ್ಮ ಹಿರಿಯಣ್ಣ,
ವೇತನ ವಿಭಾಗ